ಎಚ್ಚರಿಕೆ ಗೆರೆಯ ಬಲಕ್ಕೆ ಬಿದ್ದ ಗುರುತು

ಪ್ರಸೂತಿ ಶುಶ್ರೂಷೆ ಕಲಿಯುವ ವಿದ್ಯಾರ್ಥಿನಿಯರು ವೈವಾ ಕೋಣೆಗೆ ಹೋಗುವ ಮುನ್ನ ಹೊರಗಿನ ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತಾರೆ. ಹೆರಿಗೆಗೆ ಎಷ್ಟು ಹಂತ, ಯಾವುದಕ್ಕೆ ಎಷ್ಟು ಹೊತ್ತು, ಮಗುವಿನ ಎದೆಬಡಿತ ಎಷ್ಟಿರಬೇಕು ಎಂಬುದೆಲ್ಲ ಬಾಯಿಪಾಠ ಆಗಿರುತ್ತದೆ. ಒಳಗೆ ಹೋದ ಮೇಲೆ ಪರೀಕ್ಷಕರು ಮೇಜಿನ ಮೇಲೆ ಪಾರ್ಟೋಗ್ರಾಫಿನ ಖಾಲಿ ಹಾಳೆಯೊಂದನ್ನು ಇಟ್ಟು, ಒಬ್ಬ ಗರ್ಭಿಣಿಯ ವಿವರ ಹೇಳಿ, 'ಎಲ್ಲಿಂದ ಶುರು ಮಾಡ್ತೀಯಮ್ಮ, ತೋರಿಸು' ಎಂದಾಗ ಆ ಬಾಯಿಪಾಠ ಅರ್ಧ ದಾರಿಗಷ್ಟೇ ಬರುತ್ತದೆ. ಮಿಕ್ಕ ಅರ್ಧಕ್ಕೆ ಹಾಳೆಯನ್ನು ಓದಲು ಬರಬೇಕು. ಗುರುತು ಎಲ್ಲಿ ಬಿತ್ತು, ಅದರಿಂದ ಏನು ತಿಳಿಯಿತು, ಈಗ ಏನು ಮಾಡಬೇಕು ಎಂದು ಹೇಳಬೇಕು.

ಪಾರ್ಟೋಗ್ರಾಫ್ ಎಂದರೆ ಹೆರಿಗೆ ನೋವಿನ ಪ್ರಗತಿಯನ್ನು ಗಂಟೆಗಳ ಲೆಕ್ಕದಲ್ಲಿ ಗುರುತಿಸುವ ಒಂದೇ ಪುಟದ ನಕ್ಷೆ. ಮೇಲಿನ ಭಾಗದಲ್ಲಿ ಮಗುವಿನ ಸ್ಥಿತಿ, ನಡುವೆ ಗರ್ಭಕಂಠ ಎಷ್ಟು ತೆರೆದಿದೆ ಮತ್ತು ನೋವು ಎಷ್ಟು ಬರುತ್ತಿದೆ ಎಂಬ ವಿವರ, ಕೆಳಗೆ ತಾಯಿಯ ನಾಡಿ, ರಕ್ತದೊತ್ತಡ, ಜ್ವರ, ಮೂತ್ರ. ನಡುವಿನ ಭಾಗದಲ್ಲಿ ಎರಡು ಓರೆ ಗೆರೆಗಳಿರುತ್ತವೆ. ಮೊದಲನೆಯದು ಅಲರ್ಟ್ ಲೈನ್, ಅಂದರೆ ಎಚ್ಚರಿಕೆ ಗೆರೆ. ಅದರ ಬಲಕ್ಕೆ ನಾಲ್ಕು ಗಂಟೆ ದೂರದಲ್ಲಿ ಸಮಾನಾಂತರವಾಗಿ ಸಾಗುವುದು ಆಕ್ಷನ್ ಲೈನ್, ಅಂದರೆ ಕ್ರಮ ಕೈಗೊಳ್ಳುವ ಗೆರೆ. ಪರೀಕ್ಷೆಯ ಹೆಚ್ಚಿನ ಪ್ರಶ್ನೆಗಳು ಈ ಎರಡು ಗೆರೆಗಳ ಸುತ್ತ ಹುಟ್ಟುತ್ತವೆ.

ಹಾಳೆಗೆ ಬರುವ ಮುಂಚೆ ಹಂತಗಳ ಪ್ರಶ್ನೆ. ಹೆರಿಗೆಯ ಮೊದಲ ಹಂತ ನಿಜವಾದ ನೋವು ಶುರುವಾದಾಗಿನಿಂದ ಗರ್ಭಕಂಠ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆಯುವವರೆಗೆ. ಎರಡನೆಯದು ಅಲ್ಲಿಂದ ಮಗು ಹುಟ್ಟುವವರೆಗೆ. ಮೂರನೆಯದು ಮಗು ಹುಟ್ಟಿದ ಮೇಲೆ ಮಾಸು ಹೊರಬೀಳುವವರೆಗೆ. ನಾಲ್ಕನೆಯದು ಮಾಸು ಬಿದ್ದ ನಂತರದ ಎರಡು ಗಂಟೆಗಳ ನಿಗಾ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಗ ಪರೀಕ್ಷಕರು ಒಂದೇ ಪದವನ್ನು ಹಿಡಿದು ಕೇಳುತ್ತಾರೆ: 'ನಿಜವಾದ ನೋವು ಅಂದೆಯಲ್ಲ, ಅದು ನಿಜವಾದ ನೋವೇ ಅಂತ ಹೇಗೆ ಗೊತ್ತಾಗುತ್ತೆ?'

ಸುಳ್ಳು ನೋವು ಹೆಚ್ಚಾಗಿ ಕಿಬ್ಬೊಟ್ಟೆಯಲ್ಲೇ ಇರುತ್ತದೆ, ಅದಕ್ಕೆ ಕ್ರಮವಿರುವುದಿಲ್ಲ, ಓಡಾಡಿದರೆ ಅಥವಾ ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಸೊಂಟದಿಂದ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ, ಹೊತ್ತು ಹೋದಂತೆ ಹತ್ತಿರ ಹತ್ತಿರವಾಗುತ್ತದೆ, ಪ್ರತಿ ನೋವಿನಲ್ಲೂ ಹೊಟ್ಟೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಆದರೆ ಪರೀಕ್ಷಕರು ಕಾಯುವ ಉತ್ತರ ಇನ್ನೊಂದು. ನಿಜವಾದ ನೋವಿಗೆ ಗರ್ಭಕಂಠ ತೆಳುವಾಗುತ್ತದೆ, ತೆರೆಯುತ್ತದೆ. ಸುಳ್ಳು ನೋವು ಎಷ್ಟೇ ಕಾಡಿದರೂ ಗರ್ಭಕಂಠ ಇದ್ದ ಹಾಗೆಯೇ ಇರುತ್ತದೆ. ಆದ್ದರಿಂದ ಒಂದು ಸಲ ಪರೀಕ್ಷಿಸಿ ತೀರ್ಮಾನಿಸಲು ಆಗದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು.

ಮೊದಲ ಹಂತದಲ್ಲೂ ಎರಡು ಭಾಗಗಳಿವೆ. ಗರ್ಭಕಂಠ ನಿಧಾನವಾಗಿ ತೆಳುವಾಗಿ 4 ಸೆಂಟಿಮೀಟರಿನ ಹತ್ತಿರ ಬರುವವರೆಗಿನದು ಲೇಟೆಂಟ್ ಅವಧಿ. ಅಲ್ಲಿಂದ ಮುಂದೆ ವೇಗ ಹಿಡಿಯುವುದು ಆಕ್ಟಿವ್ ಅವಧಿ. ಚೊಚ್ಚಲ ಹೆರಿಗೆಯಲ್ಲಿ ಮೊದಲ ಹಂತ ಸುಮಾರು 12 ಗಂಟೆ, ಮರು ಹೆರಿಗೆಯಲ್ಲಿ ಸುಮಾರು 6 ಗಂಟೆ ಎಂದು ಪಠ್ಯಪುಸ್ತಕಗಳು ಹೇಳುವುದುಂಟು. ಲೇಟೆಂಟ್ ಅವಧಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಆ ಲೆಕ್ಕವನ್ನು ಅಂದಾಜೆಂದೇ ತಿಳಿಯಬೇಕು.

ಇಂತಹ ನಕ್ಷೆಯ ಯೋಚನೆ ಮೂಡಿದ್ದು ಅಮೆರಿಕದಲ್ಲಿ. ಇಮ್ಯಾನುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು 1954ರಲ್ಲಿ ಹೆರಿಗೆ ನೋವಿನಲ್ಲಿದ್ದ ತಾಯಂದಿರ ಗರ್ಭಕಂಠ ತೆರೆಯುವ ವೇಗವನ್ನು ಗಂಟೆಗಳ ಎದುರು ಗುರುತಿಸಿ ಪ್ರಕಟಿಸಿದರು. ಆರಂಭದಲ್ಲಿ ನಿಧಾನ, ಆಮೇಲೆ ಕಡಿದಾದ ಏರು. ಗೆರೆಗಳು ಬಂದದ್ದು ಆಫ್ರಿಕಾದಿಂದ. ಇಂದಿನ ಜಿಂಬಾಬ್ವೆ ಆಗ ರೊಡೇಷಿಯಾ ಆಗಿತ್ತು. ಅಲ್ಲಿನ ಹೊರವಲಯದ ಕ್ಲಿನಿಕ್ಕುಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಮಿಡ್‌ವೈಫ್‌ಗಳು; ಶಸ್ತ್ರಚಿಕಿತ್ಸೆ ಬೇಕಾದರೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಯಾರನ್ನು ಕಳಿಸಬೇಕು, ಯಾವಾಗ ಕಳಿಸಬೇಕು ಎಂಬ ಪ್ರಶ್ನೆಗೆ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು 1972ರಲ್ಲಿ ಎರಡು ಗೆರೆಗಳ ಉತ್ತರ ಕೊಟ್ಟರು. ಎಚ್ಚರಿಕೆ ಗೆರೆ ದಾಟಿದರೆ ಕ್ಲಿನಿಕ್ಕಿನಿಂದ ಹೊರಡಿಸಬೇಕು. ಮುಂದಿನ ನಾಲ್ಕು ಗಂಟೆ ಆಸ್ಪತ್ರೆ ತಲುಪಲು, ಅಲ್ಲಿ ಮತ್ತೆ ಪರೀಕ್ಷಿಸಿ ನಿರ್ಧರಿಸಲು ಸಿಗುವ ಸಮಯ. 'ಎರಡು ಗೆರೆಗಳ ನಡುವೆ ನಾಲ್ಕೇ ಗಂಟೆ ಏಕೆ?' ಎಂದು ಪರೀಕ್ಷಕರು ಕೇಳಿದರೆ ಈ ಕಥೆಯೇ ಉತ್ತರ.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ತನ್ನದೇ ಪಾರ್ಟೋಗ್ರಾಫನ್ನು ರೂಪಿಸಿ ಇಂಡೋನೇಷ್ಯಾ, ಥಾಯ್ಲೆಂಡ್, ಮಲೇಷ್ಯಾಗಳ ಆಸ್ಪತ್ರೆಗಳಲ್ಲಿ 35,484 ತಾಯಂದಿರ ಹೆರಿಗೆಯಲ್ಲಿ ಪರೀಕ್ಷಿಸಿತು. 1994ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 18 ಗಂಟೆಗಿಂತ ಹೆಚ್ಚು ಎಳೆದ ಹೆರಿಗೆಗಳು ನೂರಕ್ಕೆ 6.4ರಿಂದ 3.4ಕ್ಕೆ ಇಳಿದವು. 2000ದ ಹೊತ್ತಿಗೆ ಸಂಸ್ಥೆ ಹಾಳೆಯಿಂದ ಲೇಟೆಂಟ್ ಅವಧಿಯನ್ನೇ ತೆಗೆದು, 4 ಸೆಂಟಿಮೀಟರಿನಿಂದ ಶುರುವಾಗುವ ಪರಿಷ್ಕೃತ ರೂಪ ಕೊಟ್ಟಿತು. ಭಾರತ ಸರ್ಕಾರ ಹೆರಿಗೆ ಕೋಣೆಗಳಿಗೆ ಕೊಟ್ಟಿರುವ ಸರಳ ಪಾರ್ಟೋಗ್ರಾಫ್ ಕೂಡ 4 ಸೆಂಟಿಮೀಟರಿನಿಂದಲೇ ಆರಂಭ.

ಈಗ ವೈವಾದಲ್ಲಿ ಕೇಳುವಂತಹ ಒಂದು ಪ್ರಕರಣವನ್ನು ಕೈಗೆತ್ತಿಕೊಂಡು ಹಾಳೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯಬಹುದು. ಇದು ಪಾಠಕ್ಕಾಗಿ ಕಟ್ಟಿದ ಪ್ರಕರಣ. ತಾಯಿಗೆ 22 ವರ್ಷ, ಚೊಚ್ಚಲು, 39 ವಾರ ತುಂಬಿದೆ. ರಾತ್ರಿ 11ಕ್ಕೆ ನೋವು ಶುರುವಾಗಿ, 2 ಗಂಟೆಗೆ ಅತ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾಳೆ. ಹತ್ತು ನಿಮಿಷಕ್ಕೆ ಎರಡು ನೋವು, ಒಂದೊಂದೂ ಸುಮಾರು 20 ಸೆಕೆಂಡು. ಗರ್ಭಕಂಠ 2 ಸೆಂಟಿಮೀಟರ್ ತೆರೆದಿದೆ. 'ಪಾರ್ಟೋಗ್ರಾಫ್ ಹಾಕ್ತೀಯಾ?'

ಇಲ್ಲಿ ಎಡವುವವರು ಹಲವರು. ತಾಯಿ ದಾಖಲಾಗಿದ್ದಾಳೆ, ನೋವಿದೆ, ಹಾಳೆ ಕೈಯಲ್ಲಿದೆ, ಹಾಗಾಗಿ 2 ಸೆಂಟಿಮೀಟರಿನ ಎದುರು ಗುರುತು ಹಾಕಿಬಿಡುತ್ತಾರೆ. ಸರಿಯಾದ ಉತ್ತರ: ಇನ್ನೂ ಇಲ್ಲ. ಆಕೆ ಲೇಟೆಂಟ್ ಅವಧಿಯಲ್ಲಿದ್ದಾಳೆ. ನಾಡಿ, ರಕ್ತದೊತ್ತಡ, ಮಗುವಿನ ಎದೆಬಡಿತ, ನೋವಿನ ಲೆಕ್ಕವನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಆಕೆ ಓಡಾಡಬಹುದು, ಗಂಜಿ, ಪಾನಕ, ನೀರು ಕುಡಿಯಬಹುದು, ಆಗಾಗ ಮೂತ್ರಕ್ಕೆ ಹೋಗಬೇಕು. ಈ ಅವಧಿಯನ್ನು ಹಾಳೆಯಿಂದ ತೆಗೆಯಲು ಕಾರಣವೂ ಇದೆ. ಲೇಟೆಂಟ್ ಅವಧಿಗೂ ಸುಳ್ಳು ನೋವಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅಲ್ಲಿಂದಲೇ ಗಡಿಯಾರ ಓಡಿಸಿದರೆ, ತೊಂದರೆಯೇ ಇಲ್ಲದ ತಾಯಿಗೂ 'ಹೆರಿಗೆ ನಿಧಾನ' ಎಂಬ ಹಣೆಪಟ್ಟಿ ಬಿದ್ದು, ಬೇಡದ ಔಷಧಿ, ಬೇಡದ ಸಿಸೇರಿಯನ್ ಬೆನ್ನಿಗೆ ಬರುತ್ತವೆ.

ನಾಲ್ಕು ಗಂಟೆಯ ನಂತರ, ಬೆಳಿಗ್ಗೆ 6ಕ್ಕೆ ಮತ್ತೆ ಒಳಪರೀಕ್ಷೆ. ಗರ್ಭಕಂಠ 4 ಸೆಂಟಿಮೀಟರ್. ಹತ್ತು ನಿಮಿಷಕ್ಕೆ ಮೂರು ನೋವು, ಒಂದೊಂದೂ 30 ಸೆಕೆಂಡು. ನೀರಿನ ಚೀಲ ಒಡೆದಿಲ್ಲ. ಮಗುವಿನ ಎದೆಬಡಿತ 138. ಹೊಟ್ಟೆಯ ಮೇಲಿಂದ ಮಗುವಿನ ತಲೆ ಐದರಲ್ಲಿ ನಾಲ್ಕು ಭಾಗ ಕೈಗೆ ಸಿಗುತ್ತಿದೆ. ಈಗ ಹಾಳೆ ಶುರು. 4 ಸೆಂಟಿಮೀಟರಿನ ಎದುರು, ಎಚ್ಚರಿಕೆ ಗೆರೆಯ ಮೇಲೆಯೇ, ಒಂದು ಇಂಟು ಗುರುತು. ಅದರ ನೇರ ಕೆಳಗೆ ಸಮಯದ ಸಾಲಿನಲ್ಲಿ '6'. ಉಳಿದೆಲ್ಲ ಗುರುತುಗಳು ಅದೇ ಕಂಬದಲ್ಲಿ ಕೂರುತ್ತವೆ. ಎದೆಬಡಿತಕ್ಕೆ ಚುಕ್ಕಿ. ನೀರಿನ ಚೀಲ ಇನ್ನೂ ಇದೆ ಎನ್ನಲು ನಿಗದಿಯಾದ ಅಕ್ಷರ ಐ. ತಲೆ ಇಳಿದಿರುವುದಕ್ಕೆ ಸೊನ್ನೆ, ನಾಲ್ಕರ ಎದುರು. ನೋವಿನ ಚೌಕಗಳಲ್ಲಿ ಕೆಳಗಿನಿಂದ ಮೂರು ಚೌಕಗಳನ್ನು ಓರೆ ಗೀಟುಗಳಿಂದ ತುಂಬಬೇಕು. ಚೌಕಗಳ ಸಂಖ್ಯೆ ಹತ್ತು ನಿಮಿಷದಲ್ಲಿ ಬಂದ ನೋವುಗಳ ಸಂಖ್ಯೆ. ತುಂಬುವ ಬಗೆ ನೋವಿನ ಅವಧಿ. 20 ಸೆಕೆಂಡಿಗಿಂತ ಕಡಿಮೆಯಿದ್ದರೆ ಚುಕ್ಕಿಗಳು, 20ರಿಂದ 40 ಇದ್ದರೆ ಓರೆ ಗೀಟುಗಳು, 40 ದಾಟಿದರೆ ಪೂರ್ತಿ ಕಪ್ಪು.

'ತಾಯಿ ಮೊದಲ ಸಲ ಬಂದಾಗಲೇ 6 ಸೆಂಟಿಮೀಟರ್ ಆಗಿದ್ದರೆ?' ಆಗಲೂ ಮೊದಲ ಗುರುತು ಎಚ್ಚರಿಕೆ ಗೆರೆಯ ಮೇಲೆಯೇ, 6ರ ಎದುರು. ಗಡಿಯಾರದ ಸಮಯವನ್ನು ಆ ಗುರುತಿನ ಕೆಳಗೆ ಬರೆಯುತ್ತಾರೆ. ಹಾಳೆಯ ಎಡ ಅಂಚಿನಿಂದ ಶುರು ಮಾಡಿದರೆ ಗುರುತು ಎಚ್ಚರಿಕೆ ಗೆರೆಯ ಎಡಕ್ಕೆ ಬಿದ್ದು, ಮುಂದೆ ಪ್ರಗತಿ ಎರಡು ಗಂಟೆ ಹಿಂದೆ ಬಿದ್ದರೂ ಹಾಳೆ ಅದನ್ನು ತೋರಿಸುವುದಿಲ್ಲ.

ಇಲ್ಲಿಂದ ಮಗುವಿನ ಎದೆಬಡಿತ, ನೋವು, ತಾಯಿಯ ನಾಡಿ ಅರ್ಧ ಗಂಟೆಗೊಮ್ಮೆ. ರಕ್ತದೊತ್ತಡ ಮತ್ತು ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ. ಕಾರಣವಿಲ್ಲದೆ ಗಂಟೆಗೊಮ್ಮೆ ಒಳಪರೀಕ್ಷೆ ಮಾಡಿದರೆ ಸೋಂಕು ಒಳಹೋಗುವ ಅಪಾಯ ಹೆಚ್ಚು, ತಾಯಿಗೂ ಹಿಂಸೆ.

ಬೆಳಿಗ್ಗೆ 10. ಅರ್ಧ ಗಂಟೆ ಹಿಂದೆ ನೀರು ಹೋಗಿದೆ, ತಿಳಿಯಾಗಿದೆ. ಗರ್ಭಕಂಠ 6 ಸೆಂಟಿಮೀಟರ್. ತಲೆ ಐದರಲ್ಲಿ ಮೂರು ಭಾಗ ಇನ್ನೂ ಮೇಲಿದೆ. ಎದೆಬಡಿತ 144. ಇಂಟು ಗುರುತು ಹಾಕಿದ ಮೇಲೆ ಪರೀಕ್ಷಕರ ಪ್ರಶ್ನೆ ಒಂದೇ: 'ಓದು.'

ಎಚ್ಚರಿಕೆ ಗೆರೆ ಗಂಟೆಗೆ 1 ಸೆಂಟಿಮೀಟರಿನಂತೆ ಏರುತ್ತದೆ. 6 ಗಂಟೆಗೆ 4 ಆಗಿದ್ದರಿಂದ 10 ಗಂಟೆಗೆ ಗೆರೆ 8ರಲ್ಲಿದೆ. ತಾಯಿ 6ರಲ್ಲಿದ್ದಾಳೆ. ಗೆರೆ 6ನ್ನು ಮುಟ್ಟಿದ್ದು 8 ಗಂಟೆಗೆ, ಹಾಗಾಗಿ ಇಂದಿನ ಗುರುತು ಎಚ್ಚರಿಕೆ ಗೆರೆಯ ಎರಡು ಗಂಟೆ ಬಲಕ್ಕಿದೆ. ಕ್ರಮದ ಗೆರೆ 6ನ್ನು ಮುಟ್ಟುವುದು ಮಧ್ಯಾಹ್ನ 12ಕ್ಕೆ, ಆದ್ದರಿಂದ ಅದನ್ನು ಇನ್ನೂ ದಾಟಿಲ್ಲ. ಗುರುತು ಎರಡು ಗೆರೆಗಳ ನಡುವೆ ಇದೆ. ಹೀಗೆ ಗಂಟೆಗಳಲ್ಲಿ ಅಳೆದು ಹೇಳಿದ ವಿದ್ಯಾರ್ಥಿನಿಗೆ ಮುಂದಿನ ಪ್ರಶ್ನೆ ಸುಲಭ. 'ಸ್ವಲ್ಪ ನಿಧಾನವಾಗಿದೆ' ಎಂದಷ್ಟೇ ಹೇಳಿದವಳಿಗೆ ಎಷ್ಟು ಹೊತ್ತು ಕೈಯಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ.

'ಈಗ ಏನು ಮಾಡ್ತೀಯ?' ಉತ್ತರ ಆಕೆ ಎಲ್ಲಿ ನಿಂತಿದ್ದಾಳೆ ಎಂಬುದರ ಮೇಲಿದೆ. ಸಿಸೇರಿಯನ್ ಸೌಲಭ್ಯವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೆ ವೈದ್ಯರಿಗೆ ತಿಳಿಸಿ, ಮೂತ್ರಕೋಶ ಖಾಲಿ ಮಾಡಿಸಿ, 108ಕ್ಕೆ ಕರೆ ಮಾಡಿ, ಆ ಸೌಲಭ್ಯವಿರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ಜೊತೆಗೆ ಪಾರ್ಟೋಗ್ರಾಫ್ ಹಾಳೆಯೂ ಹೋಗಬೇಕು. ಅದಿಲ್ಲದೆ ಹೋದರೆ ಅಲ್ಲಿಯ ವೈದ್ಯರಿಗೆ ಈ ತಾಯಿ ಈಗ ತಾನೇ 6 ಸೆಂಟಿಮೀಟರಿಗೆ ಬಂದವಳಂತೆ ಕಾಣುತ್ತಾಳೆ. ಕಳೆದ ನಾಲ್ಕು ಗಂಟೆ ಅಳಿಸಿಹೋಗುತ್ತದೆ. ಇಲ್ಲಿ ಮಾಡಬಾರದ ಕೆಲಸ ಒಂದಿದೆ. ನೋವು ಜೋರಾಗಲಿ ಎಂದು ಆರೋಗ್ಯ ಕೇಂದ್ರದಲ್ಲೇ ಆಕ್ಸಿಟೋಸಿನ್ ಹನಿ ಏರಿಸುವುದಾಗಲಿ, ಚುಚ್ಚುವುದಾಗಲಿ ಕೂಡದು. ಹೊಟ್ಟೆಯಲ್ಲಿ ಮಗುವಿರುವಾಗ ಲೆಕ್ಕ ತಪ್ಪಿದ ಆಕ್ಸಿಟೋಸಿನ್ ಗರ್ಭಕೋಶವನ್ನು ಬಿಡುವಿಲ್ಲದೆ ಹಿಂಡಿ ಮಗುವಿಗೆ ರಕ್ತ ಹೋಗುವುದನ್ನು ತಡೆಯಬಹುದು, ಗರ್ಭಕೋಶವನ್ನೇ ಹರಿಯಬಹುದು.

ಆಸ್ಪತ್ರೆ ತಲುಪಿದ ಮೇಲೆ ಪ್ರಕರಣ ಎರಡು ದಾರಿ ಹಿಡಿಯಬಹುದು. ಒಳ್ಳೆಯ ಪರೀಕ್ಷಕರು ಎರಡನ್ನೂ ಕೇಳುತ್ತಾರೆ, ಏಕೆಂದರೆ ಎರಡರಲ್ಲೂ ಗರ್ಭಕಂಠದ ಗುರುತು ಒಂದೇ ಜಾಗದಲ್ಲಿದ್ದರೂ ಮಾಡಬೇಕಾದದ್ದು ಬೇರೆ.

ಮೊದಲ ದಾರಿಯಲ್ಲಿ ನೋವು ಹತ್ತು ನಿಮಿಷಕ್ಕೆ ಎರಡೇ, ಅದೂ 25 ಸೆಕೆಂಡು. ಮಗುವಿನ ಎದೆಬಡಿತ 140, ನೀರು ತಿಳಿ. ಮಗುವಿನ ತಲೆಬುರುಡೆಯ ಎಲುಬುಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿವೆ. ಇಲ್ಲಿ ಕೊರತೆ ಇರುವುದು ಗರ್ಭಕೋಶದ ಶಕ್ತಿಯಲ್ಲಿ. ತಲೆಗೆ ದಾರಿ ಸಾಲದೆ ಹೋಗಿಲ್ಲ ಎಂದು ವೈದ್ಯರು ಖಚಿತಪಡಿಸಿಕೊಂಡು ಆಕ್ಸಿಟೋಸಿನ್ ಹನಿ ಶುರು ಮಾಡುತ್ತಾರೆ. ಎಷ್ಟು ಯೂನಿಟ್, ನಿಮಿಷಕ್ಕೆ ಎಷ್ಟು ಹನಿ ಎಂಬುದು ಅರ್ಧ ಗಂಟೆಗೊಮ್ಮೆ ಹಾಳೆಗೆ ಬರುತ್ತದೆ. ಮಧ್ಯಾಹ್ನ 1.30ಕ್ಕೆ ಗರ್ಭಕಂಠ ಪೂರ್ತಿ ತೆರೆಯುತ್ತದೆ, ತಲೆ ಕೆಳಗಿಳಿದಿರುತ್ತದೆ. ಎರಡನೆಯ ಹಂತ ಶುರು.

'ಎರಡನೆಯ ಹಂತ ಶುರುವಾಯಿತು ಅಂತ ಹೇಗೆ ಗೊತ್ತು?' ಮುಕ್ಕುವ ಒತ್ತಡ, ಉಬ್ಬಿದ ಪೆರಿನಿಯಮ್, ಅಗಲಿಸುವ ಗುದದ್ವಾರ ಇವೆಲ್ಲ ಸುಳಿವುಗಳು. ಖಚಿತ ಉತ್ತರ ಒಂದೇ, ಒಳಪರೀಕ್ಷೆಯಲ್ಲಿ ಗರ್ಭಕಂಠದ ಅಂಚು ಎಲ್ಲೂ ಬೆರಳಿಗೆ ಸಿಗಬಾರದು. ಅಂಚು ಇನ್ನೂ ಇರುವಾಗಲೇ 'ಮುಕ್ಕಮ್ಮ, ಮುಕ್ಕು' ಎಂದು ಒತ್ತಾಯಿಸಿದರೆ ತಾಯಿ ಸುಸ್ತಾಗುತ್ತಾಳೆ, ಅಂಚು ಊದಿಕೊಳ್ಳುತ್ತದೆ. ಈ ಹಂತದಲ್ಲಿ ಎದೆಬಡಿತವನ್ನು ಐದು ನಿಮಿಷಕ್ಕೊಮ್ಮೆ ಕೇಳಬೇಕು. ಹೊಟ್ಟೆಯ ಮೇಲಿಂದ ಮಗುವನ್ನು ಒತ್ತಿ ತಳ್ಳಬಾರದು.

2.20ಕ್ಕೆ ಮಗು ಹುಟ್ಟಿತು ಎಂದುಕೊಂಡರೆ, ಮೂರನೆಯ ಹಂತದ ಪ್ರಶ್ನೆ ಒಂದು ನಿಮಿಷದ ಲೆಕ್ಕದಲ್ಲಿ ಬರುತ್ತದೆ. ಮಗುವನ್ನು ಒರೆಸಿ ತಾಯಿಯ ಹೊಟ್ಟೆಯ ಮೇಲಿಟ್ಟ ಕೂಡಲೇ ಮಾಡುವ ಮೊದಲ ಕೆಲಸ, ಹೊಟ್ಟೆಯನ್ನು ಮುಟ್ಟಿ ಒಳಗೆ ಇನ್ನೊಂದು ಮಗು ಇಲ್ಲವೆಂದು ನೋಡುವುದು. ಆಮೇಲೆ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್, ಸ್ನಾಯುವಿಗೆ. ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ಬೇಡವೆಂದ ಔಷಧಿಯೇ ಈಗ ತಾಯಿಯ ಜೀವ ಕಾಯುತ್ತದೆ. ಮಗು ಹೊರಬಂದಿರುವುದರಿಂದ ಗರ್ಭಕೋಶ ಗಟ್ಟಿಯಾಗಿ ಹಿಂಡಿಕೊಂಡಷ್ಟೂ ಮಾಸು ಅಂಟಿದ್ದ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷದ ನಡುವೆ ಕತ್ತರಿಸುತ್ತಾರೆ.

ಮಾಸು ಬಿಟ್ಟುಕೊಂಡ ಗುರುತುಗಳೆಂದರೆ ಗರ್ಭಕೋಶ ದುಂಡಗೆ ಗಟ್ಟಿಯಾಗಿ ಮೇಲೇರುವುದು, ಬಳ್ಳಿ ಉದ್ದವಾಗುವುದು, ಒಮ್ಮೆಲೇ ಸ್ವಲ್ಪ ರಕ್ತ ಹೋಗುವುದು. ಬಳ್ಳಿಯನ್ನು ಎಳೆಯುವಾಗ ಇನ್ನೊಂದು ಕೈ ಹೊಟ್ಟೆಯ ಮೇಲೆ ಗರ್ಭಕೋಶವನ್ನು ಹಿಂದಕ್ಕೆ ಒತ್ತಿ ಹಿಡಿದಿರಬೇಕು. ಗರ್ಭಕೋಶ ಸಡಿಲವಾಗಿರುವಾಗ ಎಳೆದರೆ ಅದು ಒಳಮಗ್ಗುಲಾಗಿ ತಿರುಚಿ ಹೊರಬರಬಹುದು. ಅರ್ಧ ಗಂಟೆ ಕಳೆದರೂ ಮಾಸು ಬೀಳದಿದ್ದರೆ ಅದು ಉಳಿದ ಮಾಸು ಎಂದೇ ಲೆಕ್ಕ. ಬಿದ್ದ ಮೇಲೆ ಅದು ಪೂರ್ತಿಯಾಗಿದೆಯೇ ಎಂದು ತಿರುಗಿಸಿ ನೋಡಬೇಕು. ನಾಲ್ಕನೆಯ ಹಂತದ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ರಕ್ತಸ್ರಾವ, ಗರ್ಭಕೋಶದ ಗಟ್ಟಿತನ ನೋಡಬೇಕು. 'ಗರ್ಭಕೋಶ ಮೆತ್ತಗಾಗಿ ಒಂದು ಪಕ್ಕಕ್ಕೆ ಸರಿದಿದೆ, ಏಕೆ?' ಎಂಬ ಪ್ರಶ್ನೆಗೆ ಮೊದಲ ಉತ್ತರ ತುಂಬಿದ ಮೂತ್ರಕೋಶ.

ಎರಡನೆಯ ದಾರಿ ಬೇರೆ. ಆಸ್ಪತ್ರೆಯಲ್ಲಿ ನೋವು ಹತ್ತು ನಿಮಿಷಕ್ಕೆ ನಾಲ್ಕು, ಒಂದೊಂದೂ 45 ಸೆಕೆಂಡು. ನೋವಿಗೆ ಕೊರತೆಯಿಲ್ಲ. ಮಧ್ಯಾಹ್ನ 2 ಗಂಟೆಗೆ ಗರ್ಭಕಂಠ 7 ಸೆಂಟಿಮೀಟರ್ ಮಾತ್ರ. ಕ್ರಮದ ಗೆರೆ 7ನ್ನು ಮುಟ್ಟಿದ್ದು 1 ಗಂಟೆಗೆ. ಗುರುತು ಅದನ್ನೂ ದಾಟಿದೆ. ತಲೆ ಐದರಲ್ಲಿ ಮೂರು ಭಾಗ ಮೇಲೆಯೇ ನಿಂತಿದೆ. ನೀರಿನಲ್ಲಿ ದಟ್ಟ ಹಸಿರು ಬಣ್ಣದ ಮಗುವಿನ ಮಲ ಕಾಣುತ್ತಿದೆ. ಎದೆಬಡಿತ 168. ತಾಯಿಯ ನಾಡಿ 84ರಿಂದ 104ಕ್ಕೆ ಏರಿದೆ. ತಲೆಬುರುಡೆಯ ಎಲುಬುಗಳು ಒಂದರ ಮೇಲೊಂದು ಏರಿವೆ, ಬೆರಳಿನಿಂದ ಒತ್ತಿದರೂ ಬಿಡಿಸಲು ಆಗುತ್ತಿಲ್ಲ.

ಈ ಕೊನೆಯದಕ್ಕೆ ಮೋಲ್ಡಿಂಗ್ ಎನ್ನುತ್ತಾರೆ. ಬಿಡಿಬಿಡಿಯಾಗಿದ್ದರೆ ಸೊನ್ನೆ, ತಾಗಿದ್ದರೆ ಒಂದು ಪ್ಲಸ್, ಏರಿದರೂ ಒತ್ತಿದಾಗ ಬಿಡಿಸಿಕೊಂಡರೆ ಎರಡು, ಬಿಡಿಸಲಾಗದಿದ್ದರೆ ಮೂರು. ಮೂರು ಪ್ಲಸ್ ಮೋಲ್ಡಿಂಗ್ ಇದ್ದೂ ತಲೆ ಹೊಟ್ಟೆಯ ಮೇಲೆ ಇನ್ನೂ ಕೈಗೆ ಸಿಗುತ್ತಿದ್ದರೆ, ತಾಯಿಯ ಕಟಿಕುಳಿಯ ದಾರಿಯಲ್ಲಿ ಈ ತಲೆ ಹಿಡಿಸುತ್ತಿಲ್ಲ. ಇಲ್ಲಿ ಪರೀಕ್ಷಕರು ಇಷ್ಟಪಟ್ಟು ಕೇಳುವ ಪ್ರಶ್ನೆಯೊಂದಿದೆ: 'ಒಳಪರೀಕ್ಷೆಯಲ್ಲಿ ತಲೆ ಕೆಳಗೇ ಸಿಗ್ತಿದೆಯಲ್ಲ, ಇಳಿದಿಲ್ಲ ಅಂತ ಹೇಗೆ ಹೇಳ್ತೀಯ?' ಒತ್ತಡಕ್ಕೆ ಸಿಕ್ಕಿದ ತಲೆಯ ಚರ್ಮ ಊದಿ ಕೆಳಕ್ಕೆ ಜೋಲುತ್ತದೆ, ಎಲುಬುಗಳೂ ಏರಿಕೊಂಡು ತಲೆ ಉದ್ದವಾಗುತ್ತದೆ. ಬೆರಳಿಗೆ ಸಿಗುವುದು ಆ ಊತ. ತಲೆಬುರುಡೆ ಇನ್ನೂ ಮೇಲೆಯೇ ಇರಬಹುದು. ಹೀಗಾಗಿ ಇಳಿದದ್ದನ್ನು ಹೊಟ್ಟೆಯ ಮೇಲಿಂದ ಐದು ಬೆರಳುಗಳ ಲೆಕ್ಕದಲ್ಲೇ ಅಳೆಯುತ್ತಾರೆ. ಐದೂ ಬೆರಳಿಗೆ ಸಿಕ್ಕರೆ ತಲೆ ತೇಲುತ್ತಿದೆ, ಎರಡು ಅಥವಾ ಕಡಿಮೆ ಸಿಕ್ಕರೆ ಕಟಿಕುಳಿಯೊಳಗೆ ಕೂತಿದೆ.

ಈ ತಾಯಿಗೆ ಆಕ್ಸಿಟೋಸಿನ್ ಹನಿ ಓಡುತ್ತಿದ್ದರೆ ಮೊದಲು ನಿಲ್ಲಿಸಬೇಕು, ಎಡ ಮಗ್ಗುಲಿಗೆ ಮಲಗಿಸಬೇಕು, ಸಿಸೇರಿಯನ್‌ಗೆ ಸಿದ್ಧ ಮಾಡಬೇಕು. ಕ್ರಮದ ಗೆರೆ ದಾಟಿತು ಎಂದ ಮಾತ್ರಕ್ಕೆ ಸಿಸೇರಿಯನ್ ಅಲ್ಲ. ನೋವು ಸಾಕಷ್ಟಿದ್ದೂ ತಲೆ ಇಳಿಯದಿರುವುದು, ಮೋಲ್ಡಿಂಗ್, ಮಗುವಿನ ಸಂಕಟದ ಗುರುತುಗಳು ಎಲ್ಲವೂ ಒಂದೇ ಕಂಬದಲ್ಲಿ ಸೇರಿದ್ದರಿಂದ ಈ ತೀರ್ಮಾನ. ಒಂದೇ ಗೆರೆಯನ್ನು ನೋಡಿ ಉಳಿದ ಸಾಲುಗಳನ್ನು ಓದದೆ ಬಿಡುವ ವಿದ್ಯಾರ್ಥಿನಿಗೆ ಎರಡೂ ದಾರಿಯ ತಾಯಂದಿರು ಒಂದೇ ರೀತಿ ಕಾಣುತ್ತಾರೆ. ಎರಡನೆಯವಳಿಗೂ ಹನಿ ಏರಿಸೋಣ ಎಂದರೆ ಆ ಉತ್ತರ ಗರ್ಭಕೋಶ ಹರಿಯುವುದಕ್ಕೆ ದಾರಿ ಮಾಡಿಕೊಡುತ್ತದೆ.

ಹೆರಿಗೆ ಮುಗಿದ ಮೇಲೆ ಕೂತು ತುಂಬಿದ ಹಾಳೆಯನ್ನು ಅನುಭವಿಗಳು ಬೇಗ ಗುರುತಿಸುತ್ತಾರೆ. ಎದೆಬಡಿತ ಅರ್ಧ ಗಂಟೆಗೊಮ್ಮೆ 140, 140, 140 ಎಂದೇ ಇರುತ್ತದೆ. ಗರ್ಭಕಂಠದ ಗುರುತುಗಳು ಎಚ್ಚರಿಕೆ ಗೆರೆಯ ಮೇಲೆಯೇ ಸಾಲಾಗಿ ಕೂತಿರುತ್ತವೆ. ನೀರು ಹೋದ ಸಮಯ ಎಲ್ಲೂ ಇರುವುದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯ ಗುಣಮಟ್ಟ ಅಳೆಯುವಾಗ ಪಾರ್ಟೋಗ್ರಾಫನ್ನು ಹೆರಿಗೆ ನಡೆಯುತ್ತಿರುವಾಗಲೇ ತುಂಬಿದ್ದಾರೆಯೇ ಎಂದು ನೋಡುತ್ತಾರೆ. 10 ಗಂಟೆಯ ಗುರುತನ್ನು 10ಕ್ಕೇ ಹಾಕದಿದ್ದರೆ ಆ ತಾಯಿಯನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಯೋಚನೆಯೇ ಯಾರಿಗೂ ಬರುವುದಿಲ್ಲ.

ಗೆರೆಗೂ ಮಿತಿಯಿದೆ. ಗಂಟೆಗೆ 1 ಸೆಂಟಿಮೀಟರ್ ಎಂಬ ವೇಗ ಎಲ್ಲ ತಾಯಂದಿರಿಗೂ ಹೊಂದುವುದಿಲ್ಲ, ಅದಕ್ಕಿಂತ ನಿಧಾನವಾಗಿ ತೆರೆದೂ ಸುಸೂತ್ರವಾಗಿ ಹೆರುವವರಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ ಹೇಳಿತು. ಆಕ್ಟಿವ್ ಅವಧಿಯನ್ನು 5 ಸೆಂಟಿಮೀಟರಿನಿಂದ ಲೆಕ್ಕ ಹಾಕಲು ಸೂಚಿಸಿತು. 2020ರಲ್ಲಿ 'ಲೇಬರ್ ಕೇರ್ ಗೈಡ್' ಎಂಬ ಹೊಸ ಹಾಳೆ ಬಂತು. ಅದರಲ್ಲಿ ಓರೆ ಗೆರೆಗಳಿಲ್ಲ. ಪ್ರತಿ ಸೆಂಟಿಮೀಟರಿಗೂ ಬೇರೆ ಬೇರೆ ಮಿತಿ: 5ರಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3, 8ರಲ್ಲಿ ಎರಡೂವರೆ, 9ರಲ್ಲಿ 2. ತಾಯಿಯ ಜೊತೆ ತನ್ನವರು ಯಾರಾದರೂ ಇದ್ದಾರೆಯೇ, ಕುಡಿಯಲು ಕೊಟ್ಟಿದ್ದಾರೆಯೇ, ನೋವಿಗೆ ಉಪಶಮನ ಸಿಕ್ಕಿದೆಯೇ ಎಂಬ ಸಾಲುಗಳೂ ಸೇರಿವೆ. ಎರಡನೆಯ ಹಂತಕ್ಕೂ ಜಾಗವಿದೆ.

ಎರಡನೆಯ ದಾರಿಯ ತಾಯಿಯನ್ನು ಈ ಹೊಸ ಹಾಳೆಯ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 10 ಗಂಟೆಗೆ 6ರಲ್ಲಿದ್ದವಳು 2 ಗಂಟೆಗೆ 7ಕ್ಕೆ ಬಂದಿದ್ದಾಳೆ. 6ರ ಮಿತಿ 5 ಗಂಟೆ, ಆಕೆ ತೆಗೆದುಕೊಂಡದ್ದು ನಾಲ್ಕು. ಗರ್ಭಕಂಠದ ಲೆಕ್ಕ ಮಾತ್ರ ನೋಡಿದರೆ ಎಚ್ಚರಿಕೆಯೇ ಬರುವುದಿಲ್ಲ. ನಾಡಿ 104 ಕೂಡ ಆ ಹಾಳೆಯ ಮಿತಿಯಾದ 120ರ ಒಳಗೇ ಇದೆ. ಆದರೆ ಎದೆಬಡಿತ 160 ದಾಟಿದೆ, ನೀರು ದಟ್ಟ ಹಸಿರಾಗಿದೆ, ಮೋಲ್ಡಿಂಗ್ ಮೂರು ಪ್ಲಸ್ ಆಗಿದೆ. ಈ ಮೂರು ಕಡೆ ಹಾಳೆ ವೃತ್ತ ಹಾಕಲು ಹೇಳುತ್ತದೆ, ಹಾಕಿದ ಪ್ರತಿ ವೃತ್ತಕ್ಕೂ ಏನು ಕ್ರಮ ಕೈಗೊಂಡಿರಿ ಎಂದು ಕೆಳಗೆ ಬರೆಯಲು ಜಾಗ ಬಿಟ್ಟಿರುತ್ತದೆ.

ಸದ್ಯಕ್ಕೆ ಪಠ್ಯಗಳಲ್ಲಿ ಹಳೆಯ ರೂಪವೂ ಇದೆ, ಹೊಸದೂ ಬರುತ್ತಿದೆ. ಪರೀಕ್ಷಕರು 'ಆಕ್ಟಿವ್ ಅವಧಿ ನಾಲ್ಕಕ್ಕೋ ಐದಕ್ಕೋ?' ಎಂದು ಕೇಳಿದರೆ ಯಾವ ಹಾಳೆಯ ಪ್ರಕಾರ ಎಂದು ಮೊದಲು ಹೇಳಿ ಉತ್ತರಿಸಬೇಕು: ಎರಡು ಗೆರೆಗಳ ಪಾರ್ಟೋಗ್ರಾಫಿನಲ್ಲಿ 4, ಲೇಬರ್ ಕೇರ್ ಗೈಡಿನಲ್ಲಿ 5. ಇವೆರಡನ್ನೂ ಒಂದೇ ತಾಯಿಯ ಮೇಲೆ ಬೆರೆಸಿ, ಐದರಿಂದ ಗಡಿಯಾರ ಓಡಿಸಿ, ಹಳೆಯ ಗೆರೆಯಲ್ಲಿ ಓದಿದರೆ ಆ ಓದು ಯಾವ ಹಾಳೆಗೂ ಸಲ್ಲುವುದಿಲ್ಲ.